ಒಂದು ಇಪ್ಪತ್ತು ಅಂದ್ರೆ ಎಷ್ಟು?

“ಮೇಷ್ಟ್ರೇ, ಒಸಿ ಇದನ್ನ ಓದ್ಹೇಳಿ. ನಮ್ ಸರ್ವೆ ನಂಬರ್ ಬಂದೈತೆ.”

ಬೇಲಿಯಾಚೆಯಿಂದ ಗೌಡ್ರು ಪೇಪರ್ ಚಾಚಿದರು. ಒಳಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಹೆದ್ದಾರಿಗೆ ಜಮೀನು ತೆಗೆದುಕೊಳ್ಳುವ ಸೂಚನೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಕಡೆಯವರಿಗೆ ಇಂಥದ್ದು ಹೊಸದೇನಲ್ಲ. ಯಾವ ರಸ್ತೆ, ಯಾವ ಕಚೇರಿ ಎಂಬುದು ಇಲ್ಲಿ ಬೇಡ. ಗೌಡ್ರು ಆಗಲೇ ಲೆಕ್ಕ ಹಾಕಿಕೊಂಡು ಬಂದಿದ್ದರು: “ಒಂದು ಇಪ್ಪತ್ತು ಹೋಗ್ತೈತೆ. ನಮ್ದು ಪಹಣಿನಾಗೆ ಮೂರೆಕ್ರೆ ಹತ್ತು ಗುಂಟೆ. ಮಿಕ್ಕಿದ್ರಾಗೆ ರಾಗಿ ಬೆಳ್ಕೊಂತೀವಿ ಬಿಡಿ.”

ಪಟ್ಟಿಯಲ್ಲಿ ‘ವಿಸ್ತೀರ್ಣ’ ಎಂಬ ತಲೆಬರಹದ ಕೆಳಗೆ 1.20 ಎಂದಷ್ಟೇ ಇತ್ತು. ಯಾವ ಅಳತೆ ಎಂದು ಎಲ್ಲಿಯೂ ಇಲ್ಲ. ಹೆದ್ದಾರಿಯ ಸೂಚನೆಯ ಮೂಲ ಇರುವುದು ಭಾರತದ ರಾಜಪತ್ರದಲ್ಲಿ, ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಪೇಪರಿಗೆ ಬರುವುದು ಅದರ ಕನ್ನಡ ಸಾರಾಂಶ. ಮಗಳು ಫೋನಿನಲ್ಲೇ egazette.gov.in ತೆರೆದು ಮೂಲವನ್ನು ಇಳಿಸಿಕೊಟ್ಟಳು. ಎರಡನ್ನೂ ಬೇಲಿಯ ಕಲ್ಲಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಕೂತೆವು.

ಮೂಲದ ಅದೇ ಅಂಕಣದಲ್ಲಿ ವಿಸ್ತೀರ್ಣ ಹೆಕ್ಟೇರಿನಲ್ಲಿ ಎಂದು ಸ್ಪಷ್ಟವಾಗಿ ಬರೆದಿದೆ. ಒಂದು ಹೆಕ್ಟೇರ್ ಅಂದರೆ ಸುಮಾರು ಎರಡು ಎಕರೆ 19 ಗುಂಟೆ. 1.20 ಹೆಕ್ಟೇರ್ ಅಂದರೆ ಎರಡು ಎಕರೆ 38 ಗುಂಟೆ ದಾಟುತ್ತದೆ. ಗೌಡ್ರಿಗೆ ಉಳಿಯುವುದು ಒಂದು ಎಕರೆ ಮೂವತ್ತು ಗುಂಟೆ ಅಲ್ಲ, ಹನ್ನೊಂದು ಗುಂಟೆ ಚಿಲ್ಲರೆ.

ಅವರು ಸುಮ್ಮನೆ ಕೂತರು. ಅವರು ಓದಿದ ರೀತಿಯಲ್ಲಿ ತಪ್ಪಿಲ್ಲ. ಪಹಣಿಯಲ್ಲಿ ನಾವು ಹುಟ್ಟಿದಾಗಿನಿಂದ ನೋಡುತ್ತಿರುವುದು ಎಕರೆ, ಗುಂಟೆ. 1-20 ಅಂದರೆ ಒಂದೆಕರೆ ಇಪ್ಪತ್ತು ಗುಂಟೆ ಎಂದೇ ಈ ಸೀಮೆಯಲ್ಲಿ ಯಾರಾದರೂ ಓದುತ್ತಾರೆ. ಈ ತಪ್ಪು ಸುಲಭಕ್ಕೆ ಬೆಳಕಿಗೆ ಬಾರದಿರಲು ಇನ್ನೊಂದು ಕಾರಣವಿದೆ. ಒಂದು ಗುಂಟೆ ಹೆಚ್ಚುಕಡಿಮೆ ಹೆಕ್ಟೇರಿನ ನೂರನೇ ಒಂದು ಭಾಗ. ಹಾಗಾಗಿ 0.20 ಎಂದಿದ್ದರೆ ಇಪ್ಪತ್ತು ಗುಂಟೆ ಎಂದು ಓದಿದರೂ ಲೆಕ್ಕ ಹೊಂದುತ್ತದೆ. ತುಂಡು ಜಮೀನಿನವನಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಚುಕ್ಕಿಯ ಎಡಗಡೆ ಒಂದು, ಎರಡು ಬಂದಾಗ ಮಾತ್ರ ಲೆಕ್ಕ ಹಾಳಾಗುತ್ತದೆ. ಪಕ್ಕದ ಹೊಲದವನ ಲೆಕ್ಕ ಸರಿ ಬಂತು, ನಮ್ಮದೂ ಸರಿಯೇ ಇರಬೇಕು ಎಂದು ಊರೇ ನಂಬಿಬಿಡಬಹುದು.

“ಹಂಗಾರೆ ಅರ್ಜಿ ಹಾಕಾನ. ಮೂವತ್ತು ದಿನ ಟೈಮ್ ಐತಲ್ಲ?”

ಮೂವತ್ತು ದಿನದ ಲೆಕ್ಕ ನಮ್ಮ ಜಿಲ್ಲೆಯವರಿಗೆ ಬಂದದ್ದು ಕೆಐಎಡಿಬಿ ನೋಟಿಸುಗಳಿಂದ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ನಡೆದ ಹೋರಾಟ, 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನ ಕೈಬಿಟ್ಟದ್ದು, ಎಲ್ಲರಿಗೂ ನೆನಪಿದೆ. ಕೆಐಎಡಿಬಿ ಕಾಯ್ದೆಯ 28(2)ರಲ್ಲಿ ನೋಟಿಸು ಕೈಗೆ ತಲುಪಿದ ದಿನದಿಂದ ಮೂವತ್ತು ದಿನ. ಹೆದ್ದಾರಿಯದು ಬೇರೆ ಕಾಯ್ದೆ, 1956ರದ್ದು. ಅಲ್ಲಿ 21 ದಿನ.

ಆ 21 ಕನ್ನಡದಲ್ಲೂ ಇತ್ತು. ಆದರೆ ‘ಈ ಪ್ರಕಟಣೆ ಪ್ರಕಟವಾದ ದಿನಾಂಕದಿಂದ’ ಎಂದಿತ್ತು. ಕೈಯಲ್ಲಿರುವುದು ಪೇಪರು, ಆದ್ದರಿಂದ ಪೇಪರ್ ಬಂದ ದಿನದಿಂದ ಎಂದೇ ಓದುಗನಿಗೆ ಅರ್ಥವಾಗುತ್ತದೆ. ಮೂಲದಲ್ಲಿ ದಿನ ಎಣಿಸಬೇಕಾದ್ದು ಅಧಿಸೂಚನೆ ರಾಜಪತ್ರದಲ್ಲಿ ಪ್ರಕಟವಾದ ದಿನದಿಂದ. ‘ರಾಜಪತ್ರದಲ್ಲಿ’ ಎಂಬ ಒಂದು ಪದ ಬಿಟ್ಟುಹೋಗಿದೆ. ನಾವು ನೋಡಿದ ಸೂಚನೆಯಲ್ಲಿ ರಾಜಪತ್ರದ ದಿನಾಂಕ ಪೇಪರಿನದಕ್ಕಿಂತ 12 ದಿನ ಹಿಂದಿನದು. ಅಂದರೆ ಪೇಪರ್ ಬಂದ ಬೆಳಿಗ್ಗೆಯೇ ಗೌಡ್ರಿಗೆ ಉಳಿದಿದ್ದುದು ಒಂಬತ್ತು ದಿನ. ಇಪ್ಪತ್ತನೆಯ ದಿನ ನಿಧಾನವಾಗಿ ಅರ್ಜಿ ಹಿಡಿದು ಹೋಗಿದ್ದರೆ ಗಡುವು ಮುಗಿದಿರುತ್ತಿತ್ತು. ಕನ್ನಡದಲ್ಲಿ ಹಾಗೆ ಬರೆದಿದೆ ಎಂದು ವಾದಿಸಿದರೂ ಗಡುವನ್ನು ಹೇಳುವುದು ಕಾಯ್ದೆಯ 3ಸಿ, ಪೇಪರಿನ ಅನುವಾದವಲ್ಲ.

ಆಕ್ಷೇಪಣೆ ಯಾವುದಕ್ಕೆ ಎಂಬುದೂ ಕನ್ನಡದಲ್ಲಿ ಇರಲಿಲ್ಲ. ಈ ಹಂತದಲ್ಲಿ ಆಕ್ಷೇಪಿಸಬೇಕಾದ್ದು ಜಮೀನನ್ನು ರಸ್ತೆಗೆ ಬಳಸುವುದನ್ನು. ದರದ ಮಾತು ಆಮೇಲೆ, 3ಜಿಯಲ್ಲಿ ಬರುತ್ತದೆ. ಅದು ಗೊತ್ತಿಲ್ಲದೆ ‘ರೇಟು ಸಾಲದು’ ಎಂದಷ್ಟೇ ಬರೆದುಕೊಟ್ಟವನ ಅರ್ಜಿಗೆ ಇಲ್ಲಿ ಬಲವಿಲ್ಲ. ಖುದ್ದಾಗಿಯೋ ವಕೀಲರ ಮೂಲಕವೋ ಹೋಗಿ ತನ್ನ ಮಾತು ಹೇಳಿಕೊಳ್ಳುವ ಹಕ್ಕು ಇದೆ ಎಂಬ ಸಾಲು ಮೂಲದಲ್ಲಿದೆ, ಕನ್ನಡದಲ್ಲಿ ಇಲ್ಲವೇ ಇಲ್ಲ. ರಸ್ತೆಯ ಯಾವ ಕಿಲೋಮೀಟರಿನಿಂದ ಯಾವುದರವರೆಗೆ ಎಂಬುದೂ ಹೋಗಿದೆ.

ಬೇಲಿಯ ಹತ್ತಿರ ನಿಂತು ಕೇಳುತ್ತಿದ್ದ ಗೌಡ್ರ ತಂಗಿ ಆಗ ಬಾಯಿ ಬಿಟ್ಟರು. ಹೊಸಕೋಟೆಗೆ ಕೊಟ್ಟ ಹೆಣ್ಣುಮಗಳು, ಹಬ್ಬಕ್ಕೆ ಬಂದಿದ್ದರು. “ಇದ್ರಾಗೆ ‘ಆಸಕ್ತ ವ್ಯಕ್ತಿಗಳು’ ಅಂತ ಬರ್ದವ್ರೆ. ಆಸಕ್ತಿ ಇರೋರು ಅಂದ್ರೆ ಯಾರು ಮೇಷ್ಟ್ರೇ, ಜಮೀನು ತಗಳ್ಳೋರಾ?”

ಸಂಗೀತದಲ್ಲಿ ಆಸಕ್ತಿ, ಟೆಂಡರಿಗೆ ಆಸಕ್ತರು ಎನ್ನುವಾಗ ಬರುವ ಮಾತು ಇದು. ಇಂಗ್ಲಿಷಿನ ಕಾನೂನು ಮಾತಿನ ಅರ್ಥ ಬೇರೆ: ಆ ಜಮೀನಿನಲ್ಲಿ ಹಕ್ಕು ಅಥವಾ ಪಾಲು ಇರುವ ಯಾರೇ ಆದರೂ. ಪಹಣಿ ಅಣ್ಣನ ಹೆಸರಿನಲ್ಲಿದ್ದರೂ ಪಿತ್ರಾರ್ಜಿತದಲ್ಲಿ ಪಾಲಿರುವ ತಂಗಿ ಅದರಲ್ಲಿ ಬರುತ್ತಾರೆ. ‘ಜಮೀನಿನಲ್ಲಿ ಹಕ್ಕುಳ್ಳವರು’ ಎಂದಿದ್ದರೆ ಆ ತಾಯಿ ಆ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ತಮ್ಮ ಹೆಸರಿನಲ್ಲೂ ಒಂದು ಅರ್ಜಿ ಕೊಡಬಹುದು ಎಂದು ಅವರಿಗೆ ಗೊತ್ತಾದದ್ದು ಆಗಲೇ. ಗೌಡ್ರೂ “ಅವಳ್ದೂ ಹಾಕಾನ” ಎಂದರು.

ಇದನ್ನೆಲ್ಲ ಭಾಷಾಂತರಕಾರರ ಕೈತಪ್ಪು ಎಂದು ಬಿಡಲು ನನಗೆ ಮನಸ್ಸಿಲ್ಲ. 3ಎ ಪ್ರಕಾರ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಅಧಿಸೂಚನೆಯ ಸಾರಾಂಶ ಕೊಟ್ಟರೆ ಸಾಕು, ಒಂದು ಪತ್ರಿಕೆ ಸ್ಥಳೀಯ ಭಾಷೆಯದಾಗಿರಬೇಕು. ಸಾರಾಂಶ ಎಂದ ಮೇಲೆ ಏನನ್ನಾದರೂ ಬಿಡಲೇಬೇಕು, ಒಪ್ಪೋಣ. ಆದರೆ ಆ ಸೂಚನೆಯಲ್ಲಿ ಕಾಯ್ದೆಯ ಹೆಸರು, ಕಲಮುಗಳು, ‘ಸದರಿ’, ‘ಮೇಲ್ಕಂಡ’, ‘ತತ್ಸಂಬಂಧ’ ಎಲ್ಲವೂ ಉಳಿದು ಒಂದೇ ವಾಕ್ಯ ಹನ್ನೊಂದು ಸಾಲು ಓಡಿದೆ. ರೈತ ಹೆಜ್ಜೆ ಇಡಲು ಬೇಕಾದ ಅಳತೆ, ದಿನಾಂಕ, ಯಾರು ಬರಬಹುದು ಎಂಬುದಷ್ಟೇ ಉದುರಿದೆ. ಅಧಿಸೂಚನೆಯಲ್ಲಿ ಜಮೀನಿನ ಸಂಕ್ಷಿಪ್ತ ವಿವರ ಇರಲೇಬೇಕು, ಅದು ಜಮೀನನ್ನು ಗುರುತಿಸುವಂತಿರಬೇಕು ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಬಾರಂಗೋರ್ ಜೂಟ್ ಫ್ಯಾಕ್ಟರಿ ಪ್ರಕರಣದಲ್ಲಿ ಹೇಳಿದೆ. ಕನ್ನಡ ಓದುಗನಿಗೂ ಆ ವಿವರ ಅಷ್ಟೇ ಬೇಕು.

ಪೇಪರಿನಲ್ಲಿ ನಿಮ್ಮ ಸರ್ವೆ ನಂಬರ್ ಕಂಡರೆ ಅಂದೇ ಮೂಲ ತೆಗೆಸಿ. ಸಾಲುಸಾಲಾಗಿ ಓದುವ ಮೊದಲು ಅಂಕಿಗಳನ್ನು ಮಾತ್ರ ಹೋಲಿಸಿ: ಸರ್ವೆ ನಂಬರಿನ ಹಿಸ್ಸಾ, ವಿಸ್ತೀರ್ಣದ ಅಳತೆ, ರಾಜಪತ್ರದ ದಿನಾಂಕ. ಆಮೇಲೆ ‘ಯಾರು’ ಎಂಬಲ್ಲಿ ಯಾವ ಮಾತು ಬಳಸಿದ್ದಾರೆ ನೋಡಿ. ಇಂಗ್ಲಿಷ್ ಬಾರದಿದ್ದರೂ ಅಂಕಿ ಎಲ್ಲರೂ ಓದಬಲ್ಲರು. ಇನ್ನು ಇಂಥ ಸೂಚನೆಗಳಿಗೆ ಸಹಿ ಹಾಕುವ ಅಧಿಕಾರಿಗಳಲ್ಲಿ ಒಂದು ವಿನಂತಿ: ಹೆಕ್ಟೇರಿನ ಪಕ್ಕದಲ್ಲೇ ಎಕರೆ, ಗುಂಟೆ ಕೊಡಿ. ಆಕ್ಷೇಪಣೆಗೆ ಕೊನೆಯ ದಿನ ಯಾವುದೆಂದು ತಾರೀಖು ಹಾಕಿ ಬರೆಯಿರಿ.