ಸೆಟ್ಟಿಂಗ್ ಮಾವ

ನಮ್ಮ ಬೀದಿಯಲ್ಲಿ ಯಾರ ಮನೆ ಮುಂದೆ ಅಗಲದ ರಟ್ಟಿನ ಪೆಟ್ಟಿಗೆ ಇಳಿದರೂ ಅದರ ಬೆನ್ನಿಗೇ ಸೆಟ್ಟಿಂಗ್ ಮಾವ ಹಾಜರು. ನಿವೃತ್ತರು, ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ಸ್ಕ್ರೂಡ್ರೈವರ್. ನಮ್ಮ 43 ಇಂಚಿನ ಟೀವಿ ಬಂದ ಭಾನುವಾರ ಬಾಗಿಲಲ್ಲೇ ಗದರಿದರು: "ಡಬ್ಬ ಬಿಚ್ಚೋದನ್ನ ವಿಡಿಯೋ ಮಾಡ್ಕೊಳ್ರಪ್ಪಾ! ಪರದೆ ಒಡೆದಿದ್ರೆ ನಾಳೆ ಏನು ತೋರಿಸ್ತೀರಿ?"

ನಾನು ಗೋಡೆಯಲ್ಲಿ ಜಾಗ ತೋರಿಸಿದ್ದು ದೇವರ ಪಟಗಳ ಸಾಲಿಗೆ. ಮಾವ ಸೋಫಾದಲ್ಲಿ ಕೂತು ಕತ್ತೆತ್ತಿದರು. "ಟೀವಿ ನೋಡ್ತೀಯೋ, ಕೈ ಮುಗೀತೀಯೋ?" ಕೂತವರ ಕಣ್ಣಿನ ಮಟ್ಟಕ್ಕೆ ಪರದೆಯ ನಡು ಬರಬೇಕಂತೆ. ಅಳೆದರೆ ನೆಲದಿಂದ ಮೂರೂವರೆ ಅಡಿ. ಕಿಟಕಿಯ ಎದುರು ಬೇಡ ಎಂದರು. ಬಿಸಿಲ ಹೊತ್ತಿನಲ್ಲಿ ಧಾರಾವಾಹಿಯ ಬದಲು ನಮ್ಮ ಮುಖವೇ ಕಾಣುತ್ತದೆ.

ಟೀವಿ ಆನ್ ಆಗಿ ಭಾಷೆ ಕೇಳಿತು, ವೈಫೈ ಕೇಳಿತು, ಆಮೇಲೆ Home ಅಥವಾ Store ಎಂದಿತು. ಆ್ಯಪ್ ಸಿಗುವ ಅಂಗಡಿಯಿರಬೇಕೆಂದು ಮಗ Store ಒತ್ತಲು ಹೋದ. ಮಾವ ರಿಮೋಟ್ ಕಸಿದುಕೊಂಡರು. ಅದು ಶೋರೂಮಿನವರಿಗಂತೆ. ಒತ್ತಿದರೆ ಬೆಳಕು ಕಣ್ಣು ಕುಕ್ಕುತ್ತದೆ, ನಡುನಡುವೆ ಜಾಹೀರಾತು ಕುಣಿಯುತ್ತದೆ, ನಾವು ಮಾಡಿದ ಸೆಟ್ಟಿಂಗ್ ನಿಲ್ಲುವುದಿಲ್ಲ.

ಅಕೌಂಟಿನ ಸರದಿ ಬಂದಾಗ ನನಗೆ ಪಾಸ್‌ವರ್ಡ್ ಮರೆತಿತ್ತು. "ಸದ್ಯಕ್ಕೆ ನನ್ನದು ಹಾಕೋಣ" ಎಂದು ಮಾವ ಟೀವಿಯಲ್ಲಿ ಬಂದ ಕ್ಯೂಆರ್ ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಮುಗಿಸಿದರು. ಕೂಡಲೇ ಅಪ್‌ಡೇಟ್ ಶುರುವಾಯಿತು. ನಡುವೆ ಕರೆಂಟ್ ತಪ್ಪಿದರೆ ಟೀವಿ ಏಳದೆಯೂ ಹೋಗಬಹುದಂತೆ. ಹೆಂಡತಿ ಮಿಕ್ಸಿ ಸಿಕ್ಕಿಸಲು ಬಂದರೆ ಮಾವ ಸ್ವಿಚ್‌ಬೋರ್ಡಿಗೆ ಅಡ್ಡ ನಿಂತರು. ಅಂದಿನ ಚಟ್ನಿ ಅರ್ಧ ಗಂಟೆ ತಡವಾಯಿತು.

ಅಪ್‌ಡೇಟ್ ಮುಗಿದ ಮೇಲೆ ನಾನೂ ನನ್ನ ಜಾಣತನ ತೋರಿಸಿ ಟೀವಿಯಲ್ಲಿ ಚಾನೆಲ್ ಹುಡುಕಿಸಿದೆ. ಸಿಕ್ಕಿದ್ದು ಸೊನ್ನೆ. "ಚಾನೆಲ್ ಹುಡುಕೋದು ಸೆಟ್‌ಟಾಪ್ ಬಾಕ್ಸಿನ ಕೆಲಸ ಕಣಯ್ಯಾ. ಅದರ ವೈರು ಯಾವ ತೂತಲ್ಲಿದೆ ಅಂತ ಟೀವಿಗೆ ಹೇಳು, ಸಾಕು." ವೈರು ಇದ್ದದ್ದು HDMI 2ರಲ್ಲಿ, ಟೀವಿ ನೋಡುತ್ತಿದ್ದದ್ದು HDMI 1. ಬದಲಿಸಿದ್ದೇ ವಾರ್ತೆ ಬಂತು.

ಕೊನೆಗೆ ಚಿತ್ರ. Vivid ತೆಗೆದು Movie ಹಾಕಿದರು. ಮನೆಯವರೆಲ್ಲ ಹಳದಿ ಹಳದಿ ಎಂದು ಗೊಣಗಿದರು. "ಎರಡು ದಿನ ತಡ್ಕೊಳ್ಳಿ, ಮನುಷ್ಯರ ಬಣ್ಣ ಅದೇನೇ." ಚಲನೆಯನ್ನು ನುಣುಪು ಮಾಡುವುದನ್ನೂ ನಿಲ್ಲಿಸಿದರು. ಅದಿದ್ದರೆ ದೊಡ್ಡ ಸಿನಿಮಾವೂ ಮಧ್ಯಾಹ್ನದ ಧಾರಾವಾಹಿಯಂತೆ ಕಾಣುತ್ತದೆ.

ಎಲ್ಲವೂ ಸರಿಯಿತ್ತು. ಆದರೆ ರಾತ್ರಿ ಯೂಟ್ಯೂಬ್ ತೆರೆದರೆ ಸಾಲುಸಾಲಾಗಿ ಮಂಡಿನೋವಿನ ಮದ್ದು, ಶನಿಕಾಟ ಪರಿಹಾರ, ಎಪ್ಪತ್ತರಲ್ಲೂ ಕೂದಲು ಬೆಳೆಸುವ ಬಗೆ. ಮಾವನ ತಲೆಯೊಳಗಿರುವುದೆಲ್ಲ ನಮ್ಮ ಗೋಡೆಯ ಮೇಲೆ!

ಹೊಸ ಟೀವಿ ತಂದರೆ ಇಂಥ ಮಾವನನ್ನು ಖಂಡಿತ ಕರೆಯಿರಿ. ಅಕೌಂಟ್ ಮಾತ್ರ ನಿಮ್ಮದೇ ಹಾಕಿ.