ಏಳೂವರೆ ಬೇಕು, ಯಾವಾಗ?

ಇಳಕಲ್ಲಿನಲ್ಲಿ ಲೆಕ್ಕ ಬಾರದವರು ಕಡಿಮೆ. ಸೀರೆ ಅಂಗಡಿಯ ಗಲ್ಲೆಯ ಮುಂದೆ ಕೂತವನಿಗೂ ಮಗ್ಗದ ಮುಂದೆ ಕೂತವನಿಗೂ ವಾರದ ಕೂಲಿಯ ಲೆಕ್ಕ ಬಾಯಲ್ಲೇ ಇರುತ್ತದೆ. ಆದರೆ ಈಚೆಗೆ ಮನೆಮನೆಗೂ ಒಬ್ಬೊಬ್ಬ ಎಂಜಿನಿಯರಿಂಗ್ ಹುಡುಗ ಆಗಿರುವುದರಿಂದ ಸಿಜಿಪಿಎ ಎಂಬ ಹೊಸ ಲೆಕ್ಕ ಬಂದಿದೆ. ಇದು ಯಾರ ಬಾಯಿಗೂ ಸಲೀಸಾಗಿ ಒಗ್ಗಿಲ್ಲ.

ನನ್ನ ತಂಗಿಯ ಮಗ ವಿಟಿಯುವಿನ 2022ರ ಸ್ಕೀಮಿನಲ್ಲಿ ಓದುತ್ತಾನೆ. ಎಂಟು ಸೆಮಿಸ್ಟರಿಗೆ ಸೇರಿ 160 ಕ್ರೆಡಿಟ್ಟು. ನಾಲ್ಕು ಸೆಮಿಸ್ಟರ್ ಮುಗಿದು 80 ಕ್ರೆಡಿಟ್ ಜಮಾ ಆದಾಗ ಅವನ ಸಿಜಿಪಿಎ 6.6 ಇತ್ತು. ಅವನ ಆಸೆ 7.5. ಅವರವ್ವನ ಆಸೆ 9, ಯಾಕೆಂದರೆ ಓಣಿಯಲ್ಲಿ ಇನ್ನೊಬ್ಬರ ಮಗನದು 9 ಇದೆ.

ಮೊದಲು ಅವ್ವನ ಆಸೆಯನ್ನು ವಿಲೇವಾರಿ ಮಾಡಿದೆವು. 6.6ನ್ನು 80ರಿಂದ ಗುಣಿಸಿದರೆ 528 ಪಾಯಿಂಟು. ಇದು ಕೈಯಲ್ಲಿರುವ ಗಂಟು. ಇನ್ನುಳಿದ 80 ಕ್ರೆಡಿಟ್ಟಿಗೂ ಹುಡುಗ ಹತ್ತಕ್ಕೆ ಹತ್ತೇ ತೆಗೆದ ಎಂದುಕೊಳ್ಳೋಣ. ಅದು 800. ಎರಡೂ ಕೂಡಿ 1328, ಭಾಗಿಸು 160, ಬಂತು 8.3. ಸಾಕ್ಷಾತ್ ಸರಸ್ವತಿಯೇ ಬಂದು ಉತ್ತರಪತ್ರಿಕೆ ಬರೆದರೂ 8.3ರ ಮೇಲೆ ಹೋಗುವುದಿಲ್ಲ.

"ಹಂಗಾರ ಮೊದಲನೇ ವರ್ಷ ಯಾಕ ಮಲಗಿದ್ಯೋ?" ಎಂದು ತಂಗಿ ಕೇಳಿದಳು. ಊರಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಜನರ ದುಶ್ಚಟ ಬೇಡುತ್ತಿದ್ದರಲ್ಲ, ಅವರಿದ್ದಿದ್ದರೆ ಇವನ ಮೊಬೈಲನ್ನೇ ಆ ಜೋಳಿಗೆಗೆ ಹಾಕುತ್ತಿದ್ದೆ ಎಂದಳು. ಅಳಿಯ ಮೊಬೈಲನ್ನು ಮೆಲ್ಲಗೆ ಕಿಸೆಗೆ ಇಳಿಸಿದ.

ಇನ್ನು 7.5ರ ಲೆಕ್ಕ. "ಇನ್ನ ಮುಂದ ಎಲ್ಲಾ ಸೆಮಿಸ್ಟರ್‌ದಾಗೂ ಏಳೂವರಿ ತಗೊಂಡ್ರ ಆತಲ್ಲ?" ಎಂಬುದು ತಂಗಿಯ ಸಲಹೆ. ಹಾಗೆ ಮಾಡಿದರೆ ಕೊನೆಗೆ ನಿಲ್ಲುವುದು 7.05ಕ್ಕೆ. ಹಳೆಯ ಕೊರತೆಯನ್ನೂ ಮುಂದಿನ ಸೆಮಿಸ್ಟರುಗಳೇ ತುಂಬಿಕೊಡಬೇಕು. 160 ಕ್ರೆಡಿಟ್ಟಿಗೆ 7.5ರಂತೆ ಬೇಕಾದದ್ದು 1200 ಪಾಯಿಂಟು. 528 ಕಳೆದರೆ 672. ಅದನ್ನು 80ರಿಂದ ಭಾಗಿಸಿದರೆ 8.4. ಅಂದರೆ ಇಲ್ಲಿಯವರೆಗೆ 6.6 ತೆಗೆದ ಹುಡುಗ ಇನ್ನು ಸರಾಸರಿ 8.4 ತೆಗೆಯಬೇಕು. ಅಳಿಯ ಈ ಅಂಕಿಯನ್ನು ಗೋಡೆಗೆ ಅಂಟಿಸಿ, ಅದನ್ನು ನೋಡುತ್ತಾ ಮಲಗಿದ.

ನಾನು ಮೂವತ್ತು ವರ್ಷ ಅಂಗಡಿ ಲೆಕ್ಕ ಬರೆದವನು. ಉದ್ರಿ ಎಷ್ಟು ಎಂಬುದಕ್ಕಿಂತ ಯಾವ ತಾರೀಖಿಗೆ ವಾಪಸು ಎಂಬುದು ನನಗೆ ಮೊದಲು ಬೇಕು. "ಏಳೂವರಿ ಬೇಕು ಅಂತಿ, ಯಾವಾಗ ಬೇಕು?" ಎಂದೆ.

"ಯಾವಾಗ ಅಂದ್ರ? ಕಂಪನಿಗೋಳು ಬಂದಾಗ, ಮಾಮಾ."

ಕಂಪನಿಗಳು ಬರುವುದು ಏಳನೇ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ. ಆಗ ಅವರ ಕಣ್ಣಿಗೆ ಬೀಳುವುದು ಆರು ಸೆಮಿಸ್ಟರಿನ ಸಿಜಿಪಿಎ, ಅಂದರೆ 120 ಕ್ರೆಡಿಟ್ಟಿನದು. ಅಷ್ಟರೊಳಗೆ 7.5 ಆಗಬೇಕಾದರೆ 900 ಪಾಯಿಂಟು ಬೇಕು. ಕಡಿಮೆ ಬೀಳುವ 372ನ್ನು ಐದು ಮತ್ತು ಆರನೇ ಸೆಮಿಸ್ಟರಿನ 40 ಕ್ರೆಡಿಟ್ಟಿನಲ್ಲೇ ದುಡಿಯಬೇಕು. ಸರಾಸರಿ 9.3! ಗುರಿ ಅದೇ ಏಳೂವರೆ, ತಾರೀಖು ಒಂದು ವರ್ಷ ಮುಂಚೆ ಬಂತು, ಬೆಲೆ 8.4ರಿಂದ 9.3ಕ್ಕೆ ಏರಿತು. ಅಳಿಯನ ಮುಖ ನೋಡಿ ನನಗೇ ಪಾಪ ಅನ್ನಿಸಿತು.

"ಕಂಪನಿಯವರು ಏಳೂವರಿನ ಕೇಳ್ತಾರೇನು?"

"ಇಲ್ಲ ಮಾಮಾ. ಬಾಳ ಮಂದಿ ಏಳು ಅಂತಾರ."

ಹಾಗಾದರೆ ಗುರಿ ಎರಡು, ತಾರೀಖೂ ಎರಡು. ಆರನೇ ಸೆಮಿಸ್ಟರಿನ ಕೊನೆಗೆ 7, ಎಂಟನೆಯದರ ಕೊನೆಗೆ 7.5. ಮೊದಲನೆಯದಕ್ಕೆ ಬೇಕಾದದ್ದು 840 ಪಾಯಿಂಟು. ಇರುವ 528 ಕಳೆದರೆ 312, ಅದನ್ನು 40ರಿಂದ ಭಾಗಿಸಿದರೆ 7.8. ಇದು ಮನುಷ್ಯರು ಮಾಡಬಹುದಾದ ಕೆಲಸ.

ಆದರೂ 7.8 ಎಂಬ ಅಂಕಿಯನ್ನು ಹಿಡಿದುಕೊಂಡು ಯಾರೂ ಓದಲಾರರು. ಯಾವ ವಿಷಯದಲ್ಲೂ 7.8 ಕೊಡುವುದಿಲ್ಲ. ಕೊಟ್ಟರೆ 7, ಇಲ್ಲವೇ 8. ಅಂಕ 60ರಿಂದ 69ರವರೆಗೆ 7 ಪಾಯಿಂಟು, 70ರಿಂದ 79ರವರೆಗೆ 8, 80ರಿಂದ 89ರವರೆಗೆ 9, 90ರಿಂದ ಮೇಲೆ 10. ಐದನೇ ಸೆಮಿಸ್ಟರಿಗೆ 22 ಕ್ರೆಡಿಟ್ಟು, 7.8ರಂತೆ ಸುಮಾರು 172 ಪಾಯಿಂಟು. ಎಲ್ಲದರಲ್ಲೂ 8 ಬಂದರೆ 176. ಅಂದರೆ ಎಲ್ಲ ವಿಷಯದಲ್ಲೂ 70 ಮುಟ್ಟಬೇಕು, ನಾಲ್ಕು ಕ್ರೆಡಿಟ್ಟಿನ ಒಂದೇ ಒಂದು ವಿಷಯದಲ್ಲಿ 60ರ ಮನೆಯಲ್ಲಿ ಉಳಿದರೂ ಮಾಫಿ. ಗೋಡೆಯ ಮೇಲಿನ 8.4 ಹರಿದು ಹೋಯಿತು. ಅದರ ಜಾಗಕ್ಕೆ "ಎಲ್ಲದಕ್ಕೂ 70" ಬಂತು.

ಆ ಎಪ್ಪತ್ತರಲ್ಲೂ ಅರ್ಧ ಭಾಗ ಪರೀಕ್ಷೆಗೆ ಮೊದಲೇ ಗೊತ್ತಾಗುತ್ತದೆ. ಇಂಟರ್ನಲ್ಸಿಗೆ 50, ಪರೀಕ್ಷೆಗೆ 50. ಇಂಟರ್ನಲ್ಸಿನಲ್ಲಿ 38 ಬಂದಿದ್ದರೆ ಬೇಕಾದದ್ದು ಇನ್ನು 32. ಪರೀಕ್ಷೆಯನ್ನು ನೂರಕ್ಕೆ ಬರೆಸಿ ಐವತ್ತಕ್ಕೆ ಇಳಿಸುತ್ತಾರೆ, ಹಾಗಾಗಿ ಅಲ್ಲಿ 64 ತೆಗೆಯಬೇಕು. ಅಳಿಯ ಪ್ರತಿ ಪುಸ್ತಕದ ಮೇಲೂ ಇಂಥದೊಂದು ಅಂಕಿ ಬರೆದುಕೊಂಡ. 56 ಸಾಕು ಎಂದು ಬರೆದಿದ್ದ ಪುಸ್ತಕವನ್ನು ಮುಚ್ಚಿಟ್ಟು, 68 ಎಂದಿದ್ದುದನ್ನು ತೆರೆದ. ಹುಟ್ಟಿದಾಗಿನಿಂದ ಅವನು ಬೇಕೆಂದೇ ಕಠಿಣ ವಿಷಯ ಓದಿದ್ದು ಅದೇ ಮೊದಲು.

"ಆದ್ರ ಕೊನಿಗೆ ಏಳೂವರಿ ಹೆಂಗ ಆಗ್ತದ?" ತಂಗಿ ಬಿಡಲಿಲ್ಲ. ಆರನೇ ಸೆಮಿಸ್ಟರಿಗೆ 840 ಆದರೆ ಉಳಿಯುವುದು 360 ಪಾಯಿಂಟು, 40 ಕ್ರೆಡಿಟ್ಟು, ಸರಾಸರಿ 9. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಆ ನಲವತ್ತರಲ್ಲಿ ಪ್ರಾಜೆಕ್ಟಿನದು 6, ಇಂಟರ್ನ್‌ಶಿಪ್ಪಿನದು 10. ಮನಸ್ಸಿಟ್ಟು ಮಾಡಿದವರಿಗೆ ಅಲ್ಲಿ ಗೈಡು ಕೈ ಬಿಗಿ ಹಿಡಿಯುವುದು ಕಡಿಮೆ. ಆ ಹದಿನಾರಕ್ಕೆ ಹತ್ತರಂತೆ 160 ಬಂದರೆ, ಉಳಿದ 24 ಕ್ರೆಡಿಟ್ಟಿನ ಪಾಠಗಳಿಂದ 200 ಬೇಕು, ಸರಾಸರಿ ಎಂಟೂ ಕಾಲಿನ ಮೇಲೆ ಸ್ವಲ್ಪ. ನನ್ನ ಹೆಂಡತಿಗೆ ಇದು ತಟ್ಟನೆ ತಿಳಿಯಿತು. "ನಮ್ಮ ಸೀರಿ ಇದ್ದಂಗ. ಒಡಲು ಹತ್ತಿದಾಗಿದ್ರೂ ಸೆರಗು ರೇಷ್ಮಿದ ಬೇರೆ ಹಾಸು ಮಾಡಿ, ತೆನಿ ಹಾಕಿ ಜೋಡಸ್ತಾರಲ್ಲ." ಜೋಡಣೆ ಸಡಿಲವಾದರೆ ಸೆರಗೇ ಕೈಗೆ ಬರುತ್ತದೆ ಎಂದೂ ಸೇರಿಸಿದಳು. ಅದೂ ನಿಜ. ಪ್ರಾಜೆಕ್ಟಿನಲ್ಲಿ 8 ಬಂದರೆ ಒಮ್ಮೆಗೇ 12 ಪಾಯಿಂಟು ಹೋಗಿ, ಪಾಠಗಳ ಸರಾಸರಿ 8.8ಕ್ಕೆ ಏರುತ್ತದೆ.

ಐದನೇ ಸೆಮಿಸ್ಟರಿನ ಫಲಿತಾಂಶ ಬಂತು. ನಾಲ್ಕು ಕ್ರೆಡಿಟ್ಟಿನ ಒಂದರಲ್ಲಿ 7, ಅದು ಮಾಫಿಯ ಲೆಕ್ಕಕ್ಕೆ. ಒಂದು ಕ್ರೆಡಿಟ್ಟಿನ ಲ್ಯಾಬಿನಲ್ಲಿ 9, ಅದು ಲಾಭ. ಆದರೆ ಮೂರು ಕ್ರೆಡಿಟ್ಟಿನ ಒಂದು ವಿಷಯದಲ್ಲಿ ಬಂದದ್ದು 69. ಒಂದು ಅಂಕಕ್ಕೆ ಮೂರು ಪಾಯಿಂಟು ಹೋದವು. ಒಟ್ಟು 170, ಎರಡು ಬಾಕಿ. ಆರನೆಯದರ 18 ಕ್ರೆಡಿಟ್ಟಿನಲ್ಲಿ ಈಗ 142 ಬೇಕು. ಎಲ್ಲದರಲ್ಲೂ 8 ಬಂದರೆ 144, ಹಾಗಾಗಿ ಮಾಫಿಗೆ ಉಳಿದದ್ದು ಎರಡೇ ಪಾಯಿಂಟು. ಇನ್ನು ಯಾವ ದೊಡ್ಡ ವಿಷಯವೂ ಜಾರುವಂತಿಲ್ಲ. ಅಳಿಯ ಮರುಮೌಲ್ಯಮಾಪನದ ಅರ್ಜಿ ತುಂಬುತ್ತ ಕೂತಿದ್ದ.

"ಅರವತ್ತೊಂಬತ್ತು ಅಂದ್ರ ಎಪ್ಪತ್ತಕ್ಕ ಹತ್ರನ ಅಲ್ಲೇನೋ? ಯಾಕಷ್ಟು ಮಾರಿ ಸಣ್ಣ ಮಾಡ್ತಿ?" ಎಂದಳು ತಂಗಿ.

"ಇಲ್ಲವ್ವಾ, ಅದು ಅರವತ್ತಕ್ಕ ಸಮ. ಅರವತ್ತು ಬಂದಿದ್ರೂ ಏಳ ಪಾಯಿಂಟ್, ಅರವತ್ತೊಂಬತ್ತು ಬಂದ್ರೂ ಏಳ ಪಾಯಿಂಟ್."

ತಂಗಿ ಸ್ವಲ್ಪ ಹೊತ್ತು ಯೋಚಿಸಿದಳು. "ಹಂಗಾರ ಆ ಒಂಬತ್ತು ಮಾರ್ಕ್ಸಿಂದು ಯಾಕ ಓದಿದ್ಯೋ, ಕರೆಂಟ್ ಸುಟಕೊಂಡು?"