ಮುಂಗಡವಾಗಿ ತಿಳಿಸದೆ ಬಂದ ‘ಅಮ್ಮ’ನ ಪರವಾಗಿ ಒಂದು ರಜಾ ಅರ್ಜಿ

ಮೈಸೂರು
5 ಫೆಬ್ರವರಿ 2026, ಗುರುವಾರ

ಇವರಿಗೆ,
ಮಾನ್ಯ ಪ್ರಾಂಶುಪಾಲರು
(ಶಾಲೆಯ ಹೆಸರು ನಿಮಗೂ ಗೊತ್ತು, ನನಗೂ ಗೊತ್ತು)

ಇವರಿಂದ,
ಮೂರನೇ ತರಗತಿ ‘ಬಿ’ ವಿಭಾಗ, ರೋಲ್ ನಂಬರ್ 27ರ ತಾಯಿ

ವಿಷಯ: ರಜೆ ಮಂಜೂರು ಮಾಡುವಂತೆ ಕೋರಿ (ನಾಲ್ಕನೇ ಸಲ)

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನ್ನ ಮಗಳಿಗೆ ಸೀತಾಳೆ ಸಿಡುಬು ಆಗಿದೆ. ನಮ್ಮತ್ತೆ ಹೇಳುವ ಹಾಗೆ ‘ಅಮ್ಮ ಬಂದಿದ್ದಾಳೆ’. ಸೋಮವಾರ ಬಿಳಿ ಹಾಳೆಯಲ್ಲಿ ಬರೆದು ಕಳಿಸಿದ ಅರ್ಜಿ, ಡೈರಿಯಲ್ಲಿ ಬರೆದಿಲ್ಲ ಎಂಬ ಕಾರಣಕ್ಕೆ ವಾಪಸ್ ಬಂತು. ಮಂಗಳವಾರ ಡೈರಿಯಲ್ಲೇ ಬರೆದೆ; ವೈದ್ಯರ ಸರ್ಟಿಫಿಕೇಟ್ ಇಲ್ಲ ಎಂದರು. ನಿನ್ನೆ ಸರ್ಟಿಫಿಕೇಟನ್ನೂ ಲಗತ್ತಿಸಿದೆ. ಆಗ ನಿಮ್ಮ ಆಫೀಸಿನವರು ಡೈರಿಯ ಆರನೇ ಪುಟ ತೋರಿಸಿದರು: ‘ರಜೆಗೆ ಎರಡು ದಿನ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು.’

ತಪ್ಪಾಯಿತು. ಆದರೆ ಅಮ್ಮ ನಮಗೂ ಮುಂಗಡವಾಗಿ ತಿಳಿಸಲಿಲ್ಲ. ಭಾನುವಾರ ರಾತ್ರಿ ಮೈ ಸ್ವಲ್ಪ ಬೆಚ್ಚಗಿತ್ತು. ಸೋಮವಾರ ಸ್ನಾನ ಮಾಡಿಸುವಾಗ ಬೆನ್ನಿನ ಮೇಲೆ ನಾಲ್ಕು ಕೆಂಪು ಚುಕ್ಕೆ ಕಂಡವು. ಸೊಳ್ಳೆ ಇರಬೇಕು ಎಂದುಕೊಂಡೆ. ಸಂಜೆ ಹೊತ್ತಿಗೆ ಅವುಗಳ ನೆತ್ತಿಯ ಮೇಲೆ ನೀರು ತುಂಬಿದ ಗುಳ್ಳೆ, ಇಬ್ಬನಿ ಹನಿ ಕೂತ ಹಾಗೆ. ಮರುದಿನ ಹೊಟ್ಟೆ, ಕುತ್ತಿಗೆ, ತಲೆಕೂದಲ ನಡುವೆ ಹೊಸ ಚುಕ್ಕೆ; ಹಳೆಯವು ಆಗಲೇ ಒಣಗತೊಡಗಿದ್ದವು. ಚುಕ್ಕೆ, ಗುಳ್ಳೆ, ಹಕ್ಕಳೆ ಮೂರೂ ಒಂದೇ ಜಾಗದಲ್ಲಿ ಒಟ್ಟಿಗೆ ಕಂಡರೆ ಅನುಮಾನವೇ ಬೇಡ, ಇದು ಅದೇ ಎಂದರು ಡಾಕ್ಟರು. ಉಗುರು ಕತ್ತರಿಸಿ, ತುರಿಕೆಗೆ ಕ್ಯಾಲಮೈನ್ ಹಚ್ಚಿ, ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಕೊಡಬೇಡಿ, ಆಸ್ಪಿರಿನ್ ಅಂತೂ ಬೇಡವೇ ಬೇಡ ಎಂದರು. ಅತ್ತೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಅಡುಗೆಮನೆಯಲ್ಲಿ ಒಗ್ಗರಣೆ ಬಂದ್ ಮಾಡಿದರು. ಸದ್ಯ ನಮ್ಮ ಮನೆಯಲ್ಲಿ ಎರಡೂ ಆಡಳಿತ ಜಾರಿಯಲ್ಲಿವೆ, ಯಾರೂ ಯಾರಿಂದಲೂ ಅನುಮತಿ ಪಡೆದಿಲ್ಲ.

ಸರ್ಟಿಫಿಕೇಟಿನಲ್ಲಿ ‘ಎಂದು ಶಾಲೆಗೆ ಹಾಜರಾಗುತ್ತಾಳೆ’ ಎಂಬ ದಿನಾಂಕ ಈಗಲೇ ಇರಬೇಕಂತೆ. ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ಕೊನೆಯ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವ ತನಕ ಇದು ಇನ್ನೊಬ್ಬರಿಗೆ ಅಂಟುತ್ತದೆ. ಸಾಮಾನ್ಯವಾಗಿ ಚುಕ್ಕೆ ಕಂಡು ಐದಾರು ದಿನ, ಕೆಲವು ಮಕ್ಕಳಿಗೆ ಇನ್ನೂ ಹೆಚ್ಚು. ದಿನಾಂಕ ನೋಡಿ ಕಳಿಸಬೇಡಿ, ಮೈ ನೋಡಿ ಕಳಿಸಿ ಎಂದರು. ಮೈ ನೋಡುವ ಕಾಲಂ ನಿಮ್ಮ ಫಾರಮ್ಮಿನಲ್ಲಿಲ್ಲ. ಇದನ್ನು ನಿಮ್ಮ ಆಫೀಸಿಗೆ ಹೇಳಿದ್ದಕ್ಕೆ ಬಂದ ಉತ್ತರ: ‘ಹಾಗಾದ್ರೆ ಮಗೂನ ಒಂದ್ಸಲ ಕರ್ಕೊಂಡ್ ಬಂದು ತೋರ್ಸಿ ಮೇಡಂ, ವೆರಿಫೈ ಮಾಡ್ತೀವಿ.’ ಮಕ್ಕಳು ತುಂಬಿದ ಕಾರಿಡಾರಿನಲ್ಲಿ ನಡೆಸಿಕೊಂಡು ಬಂದು, ಅವಳು ಮಕ್ಕಳ ನಡುವೆ ಇರಬಾರದು ಎಂಬುದನ್ನು ನಾನು ಸಾಬೀತು ಮಾಡಬೇಕು. ಬರುವುದಕ್ಕೆ ಸಿದ್ಧಳಿದ್ದೇನೆ, ಲಿಖಿತ ಆದೇಶ ಕೊಡಿ.

ಈಗ ಇದು ಎಲ್ಲಿಂದ ಬಂತು ಎಂಬ ಲೆಕ್ಕ. ಸೋಂಕು ತಗುಲಿದ ಮೇಲೆ ಚುಕ್ಕೆ ಏಳುವುದಕ್ಕೆ 10ರಿಂದ 21 ದಿನ ಬೇಕು, ಹೆಚ್ಚಿನವರಿಗೆ 14ರಿಂದ 16. ಫೆಬ್ರವರಿ 2ರಿಂದ ಹದಿನಾಲ್ಕು ದಿನ ಹಿಂದಕ್ಕೆ ಎಣಿಸಿದರೆ ಜನವರಿ 19, ಸೋಮವಾರ. ಆ ದಿನ ಪಕ್ಕದ ಬೆಂಚಿನ ಹುಡುಗ ಕುತ್ತಿಗೆಗೆಲ್ಲ ಪೌಡರ್ ಮೆತ್ತಿಕೊಂಡು ಬಂದಿದ್ದನಂತೆ. ‘ಅವನು ಬಿಳೀ ಬೆಕ್ಕಿನ ಥರ ಇದ್ದ ಅಮ್ಮಾ’ ಎಂದು ಮಗಳು ಅವತ್ತೇ ಹೇಳಿದ್ದಳು. ಪೌಡರಿನ ಅಡಿಯಲ್ಲಿ ಏನಿತ್ತು ಎಂಬುದು ಈಗ ತಿಳಿಯಿತು. ಅವನ ತಾಯಿಯನ್ನು ಬಯ್ಯಲು ಫೋನ್ ಎತ್ತಿಕೊಂಡವಳು ಅರ್ಧಕ್ಕೇ ನಿಲ್ಲಿಸಿದೆ. ಜೂನ್‌ನಿಂದ ಅವನು ಒಂದು ದಿನವೂ ತಪ್ಪಿಸಿರಲಿಲ್ಲ. ಸ್ಕೂಲ್ ಡೇಗೆ ಶೇಕಡಾ 100 ಹಾಜರಾತಿಯ ಸರ್ಟಿಫಿಕೇಟು, ಜೊತೆಗೊಂದು ಸ್ಟೀಲ್ ಡಬ್ಬಿ ನೀವೇ ಇಟ್ಟಿದ್ದೀರಿ. ಆ ಡಬ್ಬಿಯ ಮುಂದೆ ಯಾವ ತಾಯಿಗೆ ಗುಳ್ಳೆ ಕಾಣುತ್ತದೆ? ಹೋದ ವರ್ಷ ಜ್ವರವಿದ್ದ ಮಗಳಿಗೆ ಬೆಳಿಗ್ಗೆ ಏಳೂವರೆಗೆ ಸಿರಪ್ ಕುಡಿಸಿ, ಊಟದ ಬೆಲ್ಲಿನ ತನಕ ಮೈ ತಣ್ಣಗಿದ್ದರೆ ಸಾಕು ದೇವರೇ ಎಂದು ವ್ಯಾನ್ ಹತ್ತಿಸಿದವಳು ನಾನೇ. ನಮಗೂ ಡಬ್ಬಿ ಬೇಕಿತ್ತು. ಲಸಿಕೆ ಹಾಕಿಸಬಹುದಿತ್ತಲ್ಲ ಎನ್ನುತ್ತೀರಿ. ಇದರ ಲಸಿಕೆ ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ, ಎರಡು ಡೋಸ್, ದುಡ್ಡು ನಮ್ಮದೇ. ಒಂದು ಹಾಕಿಸಿ ಇನ್ನೊಂದನ್ನು ಮರೆತೆವು. ಆ ಪಾಪ ನಮ್ಮದು.

ಇನ್ನು ಮುಂದಿನದು. ಚುಕ್ಕೆ ಕಾಣುವ ಒಂದೆರಡು ದಿನ ಮೊದಲೇ ಇದು ಅಂಟತೊಡಗುತ್ತದೆ. ಅಂದರೆ ಜನವರಿ 31, ಶನಿವಾರ. ಅವತ್ತು ರಜಾ ದಿನವಾದರೂ ಸ್ಕೂಲ್ ಡೇ ನೃತ್ಯದ ತಾಲೀಮಿಗೆ ‘ಕಡ್ಡಾಯ ಹಾಜರಾತಿ’ ಎಂದು ನೀವು ಮೆಸೇಜ್ ಹಾಕಿದ್ದಿರಿ. ಫ್ಯಾನಿಲ್ಲದ ಹಾಲಿನಲ್ಲಿ, ಕಿಟಕಿ ಮುಚ್ಚಿ, ಒಬ್ಬರಿಗೊಬ್ಬರು ಎದುರಾಗಿ ನಿಂತು ಮೂರು ಗಂಟೆ ಕೋಲಾಟ. ಅಲ್ಲಿಂದ ಮುಂದಕ್ಕೆ ಎಣಿಸಿದರೆ ಫೆಬ್ರವರಿ 10ರಿಂದ 21. ಜಾಸ್ತಿ ಸಾಧ್ಯತೆ ಶಿವರಾತ್ರಿಯ ಆಸುಪಾಸು, ಅಂದರೆ ನಿಮ್ಮ ಯೂನಿಟ್ ಟೆಸ್ಟಿನ ವಾರ. ಆದ್ದರಿಂದ ಆರನೇ ಪುಟದ ನಿಯಮವನ್ನು ಶಿರಸಾವಹಿಸಿ, ಕೋಲಾಟದ ತಂಡದಲ್ಲಿದ್ದು ಲಸಿಕೆ ಆಗದ, ಹಿಂದೆ ಇದು ಬಂದಿರದ ಅಷ್ಟೂ ಮಕ್ಕಳ ಪರವಾಗಿ ಈ ಮೂಲಕ ಮುಂಗಡ ರಜೆ ಕೋರುತ್ತಿದ್ದೇನೆ. ಎರಡು ದಿನವಲ್ಲ, ಐದು ದಿನ ಮುಂಚಿತವಾಗಿ. ಹೆಸರುಗಳನ್ನು ಆಮೇಲೆ ಅಮ್ಮನೇ ತುಂಬಿಕೊಳ್ಳುತ್ತಾಳೆ.

ಕೊನೆಯದೊಂದು ಮಾತು ಇದೆ, ಇದರಲ್ಲಿ ತಮಾಷೆಯಿಲ್ಲ. ಕ್ಲಾಸ್ ಮಿಸ್ಸು ಐದು ತಿಂಗಳ ಗರ್ಭಿಣಿ. ಮೊದಲು ಈ ರೋಗ ಬಂದಿರದ ಗರ್ಭಿಣಿಗೆ ಇದು ಅಂಟಿದರೆ ನ್ಯುಮೋನಿಯಾದ ತನಕ ಹೋಗಬಹುದು. ದೇಹದಲ್ಲಿ ರಕ್ಷಣೆ ಇದೆಯೋ ಇಲ್ಲವೋ ಎಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಇಲ್ಲದಿದ್ದರೆ ರಕ್ಷಣೆಗೆ ಕೊಡುವ ಇಂಜೆಕ್ಷನ್ ಒಂದಿದೆ, ಸಂಪರ್ಕವಾದ ಹತ್ತು ದಿನದೊಳಗೆ ಆಗಬೇಕು. ಪೌಡರ್ ಹುಡುಗನ ಲೆಕ್ಕದ ಹತ್ತು ದಿನ ಆಗಲೇ ಕಳೆದಿದೆ. ನನ್ನ ಮಗಳ ಲೆಕ್ಕದ್ದು ಬರುವ ಮಂಗಳವಾರ ಮುಗಿಯುತ್ತದೆ. ನನ್ನ ಕೊನೆಯ ಎರಡು ಅರ್ಜಿಯಲ್ಲೂ ರೋಗದ ಹೆಸರಿತ್ತು, ಆದರೆ ಮೂರೂ ಕೌಂಟರಿನಿಂದಲೇ ವಾಪಸ್ ಬಂದವು, ಮಿಸ್ಸಿನ ಕೈಗೆ ತಲುಪಲಿಲ್ಲ. ನಿನ್ನೆ ರಾತ್ರಿ ನಾನೇ ಫೋನ್ ಮಾಡಿ ಹೇಳಿದೆ. ಚಿಕ್ಕಂದಿನಲ್ಲಿ ಆಗಿತ್ತೋ ಇಲ್ಲವೋ ನೆನಪಿಲ್ಲ ಮೇಡಂ ಎಂದರು.

ಇವತ್ತು ಬೆಳಿಗ್ಗೆ ಅವರು ವಾಪಸ್ ಫೋನ್ ಮಾಡಿದ್ದರು. ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬರಲು ಅರ್ಧ ದಿನ ರಜೆ ಕೇಳಿದರಂತೆ. ಆಫೀಸಿನವರು, ಎರಡು ದಿನ ಮುಂಚೆ ಬರೆದುಕೊಡಿ ಎಂದರಂತೆ.

ಇಂತಿ ತಮ್ಮ ವಿಧೇಯಳು,
ರೋಲ್ ನಂಬರ್ 27ರ ತಾಯಿ

ಲಗತ್ತು: ವೈದ್ಯರ ಸರ್ಟಿಫಿಕೇಟ್ ಒಂದು (ಹಾಜರಾಗುವ ದಿನಾಂಕದ ಜಾಗ ಖಾಲಿ), ತಿರಸ್ಕೃತ ಅರ್ಜಿ ಮೂರು, ಕ್ಲಾಸ್ ಮಿಸ್ಸಿನ ಅರ್ಧ ದಿನದ ರಜೆಗೆ ನನ್ನ ಶಿಫಾರಸು ಪತ್ರ ಒಂದು.